ಸೆಟ್ಟಿಂಗ್ಸ್‌ನ ಬ್ಯಾಟರಿ ಹೆಲ್ತ್: ಎರಡೂವರೆ ವರ್ಷದ ಬಳಕೆಯ ನಂತರ 5ಕ್ಕೆ 3 ಸ್ಟಾರ್

ಈ ವಿಮರ್ಶೆ ಫೋನಿನದಲ್ಲ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕೂತಿರುವ ಒಂದು ಅಂಕಿಯದು: ಹೊಸದಿದ್ದಾಗ ಹಿಡಿಯುತ್ತಿದ್ದ ಚಾರ್ಜಿನಲ್ಲಿ ಬ್ಯಾಟರಿ ಈಗ ಶೇಕಡಾ ಎಷ್ಟು ಹಿಡಿಯುತ್ತದೆ ಎಂದು ಹೇಳುವ ಅಂಕಿ. ಐಫೋನ್‌ನಲ್ಲಿ ಅದರ ಹೆಸರು Maximum Capacity. ಐಒಎಸ್ 11.3ರೊಂದಿಗೆ 2018ರಲ್ಲಿ ಬಂತು. ಆಂಡ್ರಾಯ್ಡ್‌ನಲ್ಲಿ ಕೆಲವು ಕಂಪನಿಗಳು ಶೇಕಡಾ ತೋರಿಸುತ್ತವೆ, ಕೆಲವು Good ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತವೆ. ದಾವಣಗೆರೆಯ ಮೊಬೈಲ್ ರಿಪೇರಿ ಅಂಗಡಿಗೆ ಹೋಗಿ ನಿಂತರೆ ದಿನಕ್ಕೊಬ್ಬರಾದರೂ ಕೇಳುವ ಪ್ರಶ್ನೆ: "ಅಣ್ಣಾ, 84 ತೋರಿಸ್ತೈತಿ, ಬ್ಯಾಟ್ರಿ ಹಾಕಿಸ್ಬೇಕೇನು?" 84 ಒಂದನ್ನೇ ನೋಡಿ ಅದಕ್ಕೆ ಉತ್ತರ ಹೇಳಲು ಬರುವುದಿಲ್ಲ.

ಬ್ಯಾಟರಿಯೊಳಗೆ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂದು ನೇರವಾಗಿ ಅಳೆಯುವ ಉಪಾಯ ಫೋನಿಗಿಲ್ಲ. ಎಪಿಎಂಸಿ ಯಾರ್ಡಿನ ಗೋದಾಮೊಂದನ್ನು ನೆನೆಸಿಕೊಳ್ಳಿ. ಒಳಗೆ ಹೋಗಿ ಮೆಕ್ಕೆಜೋಳದ ಚೀಲ ಎಣಿಸುವಂತಿಲ್ಲ. ಬಾಗಿಲಲ್ಲಿ ಕೂತು ಒಳಗೆ ಎಷ್ಟು ಹೋಯಿತು, ಹೊರಗೆ ಎಷ್ಟು ಬಂತು ಎಂದು ಬರೆದುಕೊಳ್ಳಬಹುದು, ಅಷ್ಟೇ. ಫೋನಿನಲ್ಲಿ ಆ ಗುಮಾಸ್ತನ ಕೆಲಸ ಫ್ಯುಯೆಲ್ ಗೇಜ್ ಎಂಬ ಚಿಪ್‌ನದು. ಬ್ಯಾಟರಿಯ ತಂತಿಯಲ್ಲಿ ಒಂದು ಸಣ್ಣ ರೆಸಿಸ್ಟರ್ ಕೂರಿಸಿರುತ್ತಾರೆ. ಅದರ ಮೂಲಕ ಹರಿಯುವ ಕರೆಂಟನ್ನು ಚಿಪ್ ಸದಾ ಕೂಡಿಸುತ್ತಾ, ಕಳೆಯುತ್ತಾ ಇರುತ್ತದೆ. ಒಂದೊಂದು ಸಲಕ್ಕೂ ಅಳತೆಯ ತಪ್ಪು ಚಿಕ್ಕದೇ, ಆದರೆ ವಾರಗಟ್ಟಲೆ ಕೂಡಿದರೆ ದೊಡ್ಡದಾಗುತ್ತದೆ. ಗೋದಾಮು ಪೂರ್ತಿ ತುಂಬಿದಾಗ, ಇಲ್ಲವೇ ಬಹುತೇಕ ಖಾಲಿಯಾದಾಗ ಮಾತ್ರ ಗುಮಾಸ್ತ ತನ್ನ ಲೆಕ್ಕ ತಿದ್ದಿಕೊಳ್ಳಬಹುದು. ಸಾಲದ್ದಕ್ಕೆ ಈ ಗೋದಾಮು ವರ್ಷ ಕಳೆದಂತೆ ತಾನೇ ಕುಗ್ಗುತ್ತಿರುತ್ತದೆ.

ಲೆಕ್ಕ ತಿದ್ದಲು ಚಿಪ್ ವೋಲ್ಟೇಜನ್ನೂ ನೋಡುತ್ತದೆ. ಫೋನ್ ಸ್ವಲ್ಪ ಹೊತ್ತು ಸುಮ್ಮನೆ ಮಲಗಿದಾಗಿನ ವೋಲ್ಟೇಜು ಬ್ಯಾಟರಿ ಎಷ್ಟು ತುಂಬಿದೆ ಎಂಬುದರ ಸುಳಿವು. ತೊಂದರೆ ಏನೆಂದರೆ, ಲಿಥಿಯಂ ಬ್ಯಾಟರಿಯ ವೋಲ್ಟೇಜು ನಡುಭಾಗದಲ್ಲಿ ಬಹುತೇಕ ಸಪಾಟು. 3.7ರಿಂದ 3.8 ವೋಲ್ಟ್ ಆಸುಪಾಸಿನಲ್ಲಿ ಕೆಲವೇ ಮಿಲಿವೋಲ್ಟ್ ತಪ್ಪಿದರೂ ಶೇಕಡಾವಾರು ಲೆಕ್ಕ ಎಷ್ಟೋ ಅಂಕ ಆಚೀಚೆ ಹೋಗುತ್ತದೆ. ಹಾಗಾಗಿ ಸದಾ 40ರಿಂದ 80ರ ನಡುವೆಯೇ ಚಾರ್ಜ್ ಇಟ್ಟುಕೊಳ್ಳುವವರ ಬ್ಯಾಟರಿ ಚೆನ್ನಾಗಿ ಬಾಳುತ್ತದೆ, ಅವರ ಫೋನು ತೋರಿಸುವ ಹೆಲ್ತ್ ಮಾತ್ರ ನಂಬಿಕೆಗೆ ಯೋಗ್ಯವಲ್ಲ. ಐಫೋನ್ 15 ಮತ್ತು ನಂತರದವುಗಳಲ್ಲಿ 80ರ ಮಿತಿ ಹಾಕಿಟ್ಟರೂ ಅದು ಆಗೊಮ್ಮೆ ಈಗೊಮ್ಮೆ 100ರವರೆಗೆ ಚಾರ್ಜ್ ಆಗಿಬಿಡುತ್ತದೆ. ಅದು ದೋಷವಲ್ಲ, ಲೆಕ್ಕ ಸರಿಪಡಿಸಿಕೊಳ್ಳಲೆಂದೇ ಆಪಲ್ ಇಟ್ಟ ಏರ್ಪಾಡು.

ಈ ಅಂಕಿ ಅಂದಾಜು ಎಂಬುದಕ್ಕೆ ಕಂಪನಿಯದೇ ಸಾಕ್ಷಿಯೂ ಇದೆ. 2021ರಲ್ಲಿ ಐಒಎಸ್ 14.5 ಬಂದಾಗ ಐಫೋನ್ 11 ಸರಣಿಯ ಮೂರೂ ಮಾದರಿಗಳಲ್ಲಿ ಹೆಲ್ತ್ ಲೆಕ್ಕವನ್ನು ಹೊಸದಾಗಿ ಹಾಕುವ ವ್ಯವಸ್ಥೆ ಕೊಟ್ಟರು. ಆ ಮರುಲೆಕ್ಕ ಮುಗಿಯಲು ಕೆಲವು ವಾರ ಬೇಕಿತ್ತು. ಬದಲಾದದ್ದು ಅಂದಾಜು ಮಾತ್ರ, ಬ್ಯಾಟರಿ ಅದೇ ಹಳೆಯದು.

ಈಗ ಒಂದು ಆಂಡ್ರಾಯ್ಡ್ ಫೋನಿನ ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ. ಡಬ್ಬದ ಮೇಲೆ 5000 ಎಂಎಎಚ್ ಎಂದು ಬರೆದಿದೆ, ಬಳಸಿ ಎರಡೂವರೆ ವರ್ಷ. ಡೆವಲಪರ್ ಆಪ್ಷನ್ಸ್‌ನಲ್ಲಿ ಡೀಬಗ್ಗಿಂಗ್ ಆನ್ ಮಾಡಿ, adb ಎಂಬ ಸಾಫ್ಟ್‌ವೇರ್ ಹಾಕಿರುವ ಕಂಪ್ಯೂಟರ್‌ನಿಂದ ಈ ಆದೇಶ ಕೊಡಬೇಕು:

```
adb shell dumpsys battery
```

ಪೂರ್ತಿ ಚಾರ್ಜ್ ಆದಾಗ ಬಂದ ಸಾಲುಗಳಲ್ಲಿ ನಮಗೆ ಬೇಕಾದವು ಇವು:

```
level: 100
voltage: 4380
temperature: 318
Charge counter: 4240000
```

ವೋಲ್ಟೇಜು ಮಿಲಿವೋಲ್ಟ್‌ನಲ್ಲಿದೆ. 318 ಎಂದರೆ 31.8 ಡಿಗ್ರಿ. ಕೊನೆಯದನ್ನು ಸಾವಿರದಿಂದ ಭಾಗಿಸಿದರೆ 4240 ಎಂಎಎಚ್. 5000ಕ್ಕೆ ಹೋಲಿಸಿದರೆ ಶೇ 84.8. ಇದೇ ಫೋನು 20ಕ್ಕೆ ಇಳಿದಾಗ ಮತ್ತೆ ನೋಡಿದರೆ 905000, ಅಂದರೆ 905 ಎಂಎಎಚ್. ನಡುವೆ ಖರ್ಚಾದದ್ದು 3335. ಅದು ಶೇ 80ರ ಪಾಲಾದರೆ ಪೂರ್ತಿ 4169, ಹೆಲ್ತ್ ಶೇ 83.4. ಇನ್ನೊಂದು ತಿರುವು: ಡಬ್ಬದ ಮೇಲಿನ 5000 ಸಾಧಾರಣವಾಗಿ ಸಿಗುವ ಸಾಮರ್ಥ್ಯ. ಬ್ಯಾಟರಿಯ ಮೈಮೇಲೆ ಅಚ್ಚಾಗಿರುವ ಕನಿಷ್ಠ ಖಾತರಿ ಈ ಫೋನಿನಲ್ಲಿ 4880. ಅದಕ್ಕೆ ಹೋಲಿಸಿದರೆ ಅವೇ ಎರಡು ಉತ್ತರಗಳು 86.9 ಮತ್ತು 85.4 ಆಗುತ್ತವೆ. ಒಂದೇ ಬ್ಯಾಟರಿ, ಒಂದೇ ವಾರ, ನಾಲ್ಕು ಉತ್ತರ. ಅದಕ್ಕೇ ಎರಡು ಮೂರು ಅಂಕದ ಏರಿಳಿತಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹೊಸ ಫೋನು ತಿಂಗಳುಗಟ್ಟಲೆ 100ರಲ್ಲೇ ನಿಂತಿರುವುದರ ಗುಟ್ಟೂ ಬಹಳ ಸಲ ಇದೇ: ಖಾತರಿ ಕೊಟ್ಟದ್ದಕ್ಕಿಂತ ತುಸು ಹೆಚ್ಚೇ ಒಳಗಿರುತ್ತದೆ, ಮೊದಲು ಆ ಹೆಚ್ಚುವರಿ ಕರಗಬೇಕು.

ಒಂದು ಎಚ್ಚರಿಕೆ. ಕೆಲವು ಫೋನುಗಳಲ್ಲಿ charge counter ನಿಜವಾದ ಎಣಿಕೆಯಲ್ಲ, ಪರದೆಯ ಶೇಕಡಾವಾರನ್ನೇ ಸಾಮರ್ಥ್ಯದಿಂದ ಗುಣಿಸಿ ಕೊಟ್ಟದ್ದು. 100, 60, 20 ಮೂರರಲ್ಲೂ ಲೆಕ್ಕ ಒಂದಿಷ್ಟೂ ಆಚೀಚೆ ಆಗದೆ ಒಂದೇ ಉತ್ತರ ಬಂದರೆ ಅನುಮಾನ ಪಡಿ.

ಆದರೆ ಈ ಅಂಕಿಗೆ ಎರಡು ಸ್ಟಾರ್ ಕಳೆದಿರುವುದು ಅಂದಾಜು ತಪ್ಪುತ್ತದೆ ಎಂದಲ್ಲ. ಬಳಕೆದಾರನಿಗೆ ನಿಜವಾಗಿ ಕಾಡುವ ದೋಷವನ್ನು ಅದು ಹೇಳುವುದೇ ಇಲ್ಲ ಎಂಬುದಕ್ಕೆ. ಬ್ಯಾಟರಿ ಹಳೆಯದಾದಂತೆ ಎರಡು ಬದಲಾವಣೆ ಆಗುತ್ತವೆ. ಹಿಡಿಯುವ ಚಾರ್ಜ್ ಕಡಿಮೆಯಾಗುತ್ತದೆ, ಕರೆಂಟಿಗೆ ಒಳಗೆ ಎದುರಾಗುವ ಅಡ್ಡಿ, ಅಂದರೆ ರೆಸಿಸ್ಟೆನ್ಸ್, ಹೆಚ್ಚುತ್ತದೆ. ಶೇಕಡಾವಾರು ಹೇಳುವುದು ಮೊದಲನೆಯದನ್ನು. ಫೋನ್ 24ರಲ್ಲಿ ದಿಢೀರನೆ ಆಫ್ ಆಗುವುದಕ್ಕೆ ಕಾರಣ ಎರಡನೆಯದು.

ಲೆಕ್ಕ ಹೀಗೆ. ಶೇ 24ರಲ್ಲಿ ಸುಮ್ಮನಿದ್ದಾಗ ವೋಲ್ಟೇಜು 3.7 ಎಂದಿಟ್ಟುಕೊಳ್ಳಿ. ಕ್ಯಾಮೆರಾ ತೆಗೆದು ಫ್ಲ್ಯಾಶ್ ಹೊಡೆದ ಕ್ಷಣ 2 ಆಂಪಿಯರ್ ಎಳೆಯಿತು. ರೆಸಿಸ್ಟೆನ್ಸ್ 0.1 ಓಮ್ ಇದ್ದರೆ 0.2 ವೋಲ್ಟ್ ಕುಸಿದು 3.5ಕ್ಕೆ ನಿಲ್ಲುತ್ತದೆ, ಏನೂ ಆಗುವುದಿಲ್ಲ. ಸವೆದ ಬ್ಯಾಟರಿಯಲ್ಲಿ ಅದು 0.25 ಓಮ್ ಆಗಿದ್ದರೆ ಅರ್ಧ ವೋಲ್ಟೇ ಬಿದ್ದು 3.2 ಆಗುತ್ತದೆ. ಅಷ್ಟರಲ್ಲಿ ಫೋನ್ ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗಿರುತ್ತದೆ. ಚಾರ್ಜರ್ ಚುಚ್ಚಿದ ಕೂಡಲೇ ಮತ್ತೆ 20 ಚಿಲ್ಲರೆ ತೋರಿಸಿದರೆ ರೋಗ ಇದೇ, ಅನುಮಾನ ಬೇಡ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ರೆಸಿಸ್ಟೆನ್ಸ್ ಇನ್ನಷ್ಟು ಏರುವುದರಿಂದ ಈ ಕಾಟ ಆಗ ಹೆಚ್ಚು. ಐಫೋನ್ 14ರವರೆಗಿನವು ಇದನ್ನು Peak Performance Capability ಎಂದು ಬೇರೆ ಸಾಲಿನಲ್ಲಿ ಹೇಳುತ್ತವೆ, ಆದರೆ ಎಲ್ಲರ ಕಣ್ಣು ಮೇಲಿನ ಶೇಕಡಾವಾರಿನ ಮೇಲೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಮೊದಲು ಲೆಕ್ಕ ಸರಿಪಡಿಸಿ: ಪೂರ್ತಿ ಚಾರ್ಜ್ ಮಾಡಿ, 100 ಬಂದ ಮೇಲೂ ಒಂದು ಗಂಟೆ ಚಾರ್ಜರ್‌ನಲ್ಲೇ ಬಿಡಿ. ಆಮೇಲೆ 10ರ ಹತ್ತಿರ ಬರುವವರೆಗೆ ಬಳಸಿ, ಆಫ್ ಮಾಡಿ ಎರಡು ಮೂರು ಗಂಟೆ ಸುಮ್ಮನಿಡಿ, ಮತ್ತೆ ಒಂದೇ ಸಲಕ್ಕೆ ತುಂಬಿಸಿ. ಎರಡು ತಿಂಗಳಿಗೊಮ್ಮೆ ಸಾಕು. ಹೆಲ್ತ್ ಹೆಚ್ಚಾಗಲೆಂದು ದಿನಾ ಹೀಗೆ ಮಾಡಿದರೆ ಬ್ಯಾಟರಿಯೇ ಸವೆಯುತ್ತದೆ. ನಂತರ 30ರ ಆಸುಪಾಸಿನಲ್ಲಿ, ಫೋನ್ ತಣ್ಣಗಿರುವಾಗ, ಟಾರ್ಚ್ ಆನ್ ಇಟ್ಟು ಹತ್ತು ನಿಮಿಷ ವಿಡಿಯೋ ರೆಕಾರ್ಡ್ ಮಾಡಿ. ನಾಲ್ಕೈದು ಅಂಕ ನಿಧಾನವಾಗಿ ಇಳಿದರೆ ಆರೋಗ್ಯ. 30ರಿಂದ 18ಕ್ಕೆ ಜಿಗಿದರೆ ಅಥವಾ ಆಫ್ ಆದರೆ ಸೆಟ್ಟಿಂಗ್ಸ್ 88 ಎಂದರೂ ಕೇಳಬೇಡಿ.

ವೋಲ್ಟೇಜನ್ನೇ ನೋಡಬೇಕೆಂದರೆ ಕೇಬಲ್ ಬೇಡ. ಕೇಬಲ್ ಚುಚ್ಚಿದೊಡನೆ ಚಾರ್ಜ್ ಶುರುವಾಗಿ ಅಳತೆ ಕೆಡುತ್ತದೆ. dumpsys battery unplug ಎಂದು ಆದೇಶ ಕೊಟ್ಟರೂ ಚಾರ್ಜ್ ನಿಲ್ಲುವುದಿಲ್ಲ, ನಿಂತಂತೆ ತೋರಿಸುತ್ತದೆ ಅಷ್ಟೇ. ಆಂಡ್ರಾಯ್ಡ್ 11ರಿಂದ ಇರುವ Wireless debugging ಬಳಸಿ. ಸುಮ್ಮನಿದ್ದಾಗ 3742, ಟಾರ್ಚ್ ಮತ್ತು ವಿಡಿಯೋ ಎರಡು ನಿಮಿಷ ಓಡಿದಾಗ 3561 ಬಂದರೆ ಕುಸಿತ 181 ಮಿಲಿವೋಲ್ಟ್. ಈ ಅಂಕಿ ಫೋನಿನಿಂದ ಫೋನಿಗೆ ಬೇರೆ, ಆದ್ದರಿಂದ ನಿಮ್ಮದೇ ಫೋನಿನದನ್ನು ಆರು ತಿಂಗಳಿಗೊಮ್ಮೆ ಬರೆದಿಟ್ಟು ಹೋಲಿಸಿ.

ಹಾಗಾದರೆ ಬದಲಿಸುವುದು ಯಾವಾಗ? ಹಿಂಬದಿ ಉಬ್ಬಿದ್ದರೆ, ಸ್ಕ್ರೀನ್ ಅಂಚು ಎದ್ದಿದ್ದರೆ ಅಂದೇ. ಚಾರ್ಜ್ ಹಾಕುವುದನ್ನೂ ನಿಲ್ಲಿಸಿ, ಒತ್ತಿ ಕೂರಿಸಲು ಹೋಗಬೇಡಿ. ಮೇಲಿನ ಪರೀಕ್ಷೆಯಲ್ಲಿ ಆಫ್ ಆದರೆ ಆದಷ್ಟು ಬೇಗ. ಇವೆರಡೂ ಇಲ್ಲದೆ ಬರೀ ಅಂಕಿ ಇಳಿದಿದ್ದರೆ ನಿಮ್ಮ ದಿನದ ಲೆಕ್ಕ ನೋಡಿ. ಮನೆ, ಆಫೀಸು ಎರಡೂ ಕಡೆ ಚಾರ್ಜರ್ ಇರುವವರಿಗೆ 78 ಸಾಕಾಗುತ್ತದೆ. ಪಿ.ಬಿ. ರಸ್ತೆಯಲ್ಲಿ ದಿನವಿಡೀ ಮ್ಯಾಪ್ ಹಾಕಿಕೊಂಡು ಡೆಲಿವರಿಗೆ ಓಡಾಡುವ ಹುಡುಗನಿಗೆ 85ಕ್ಕೇ ಸಂಜೆ ನಾಲ್ಕಕ್ಕೆ ಫೋನ್ ಸಾಯಬಹುದು, ಅವನಿಗೆ ಆಗಲೇ ಬದಲಿಸುವುದು ಲಾಭ. 80ರ ಗಡಿ ಪ್ರಕೃತಿಯ ನಿಯಮವಲ್ಲ, ಕಂಪನಿಗಳು ಹಾಕಿಕೊಂಡ ಗುರುತು. ಆಪಲ್ ಪ್ರಕಾರ ಐಫೋನ್ 14ರವರೆಗಿನವು 500 ಪೂರ್ಣ ಚಾರ್ಜ್ ಸುತ್ತಿಗೆ, 15 ಸರಣಿಯವು 1000ಕ್ಕೆ ಶೇ 80 ಉಳಿಸಿಕೊಳ್ಳುವಂತೆ ಮಾಡಿದವು, ಅದೂ ಹೇಳಿದ ಪರಿಸ್ಥಿತಿಯಲ್ಲಿ ಬಳಸಿದರೆ. 35 ಡಿಗ್ರಿ ದಾಟಿದ ವಾತಾವರಣ ಬ್ಯಾಟರಿಗೆ ಒಳ್ಳೆಯದಲ್ಲ ಎಂದೂ ಅವರೇ ಹೇಳುತ್ತಾರೆ. ನಮ್ಮ ಏಪ್ರಿಲ್ ಅದನ್ನು ಸಲೀಸಾಗಿ ದಾಟುತ್ತದೆ. ಬೆಣ್ಣೆ ದೋಸೆ ಕಾವಲಿಯ ಪಕ್ಕ ಗಲ್ಲಾಪೆಟ್ಟಿಗೆ ಮೇಲೆ ಚಾರ್ಜಿಗೆ ಹಾಕಿಟ್ಟ ಫೋನಿನ ಪಾಡು ಬೇರೆ ಹೇಳಬೇಕಿಲ್ಲ.

ಇನ್ನೊಂದು ಗಮನ: ಫೋನಿಗೆ ಸೆಕ್ಯೂರಿಟಿ ಅಪ್‌ಡೇಟ್ ನಿಂತುಹೋಗಿದ್ದರೆ, ಅಥವಾ ಬ್ಯಾಟರಿಯ ಖರ್ಚು ಆ ಫೋನ್ ಸೆಕೆಂಡ್‌ಹ್ಯಾಂಡ್ ಮಾರಿದರೆ ಬರುವ ಹಣದ ಮೂರನೇ ಒಂದು ಪಾಲು ಮೀರಿದರೆ, ಹಾಕಿಸುವುದು ನನ್ನ ಲೆಕ್ಕದಲ್ಲಿ ದಂಡ.

ಹಾಕಿಸುವಾಗ ಬಿಐಎಸ್ ಗುರುತಿನ ಕೆಳಗೆ R- ಎಂದು ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ, BIS Care ಆ್ಯಪ್‌ನಲ್ಲಿ ಅದು ಯಾರ ಹೆಸರಿನಲ್ಲಿದೆ ಎಂದು ಪರಿಶೀಲಿಸಿ. ಅದೇ ಅಳತೆಯ ಬ್ಯಾಟರಿಗೆ 6500 ಎಂಎಎಚ್ ಎಂದು ಅಚ್ಚು ಹಾಕಿದ್ದರೆ ವಾಪಸ್ ಕೊಡಿ. ಫೋನನ್ನು ರಿಪೇರಿಗೆ ಕೊಡುವ ಮುನ್ನ ಚಾರ್ಜ್ 25ಕ್ಕಿಂತ ಕೆಳಗಿರಲಿ, ಕೀಳುವಾಗ ಅಕಸ್ಮಾತ್ ಚುಚ್ಚಿದರೂ ಅಪಾಯ ಕಡಿಮೆ. ಲೋಹದ ಪಟ್ಟಿಯಿಂದ ಮೀಟುತ್ತಿದ್ದರೆ ಬೇಡವೆನ್ನಿ. ಐಸೊಪ್ರೊಪೈಲ್ ಆಲ್ಕೋಹಾಲ್ ಬಿಟ್ಟು ಅಂಟು ಮೆತ್ತಗಾಗಲು ಕಾಯುವವರೇ ಸರಿಯಾದ ಕೆಲಸಗಾರರು. ಫೋನ್ ಬಿಚ್ಚಿದ ಮೇಲೆ ಮೊದಲಿನಂತೆ ನೀರು ತಡೆಯುತ್ತದೆಂದು ನೆಚ್ಚಬೇಡಿ.

ಹಾಕಿದ ತಕ್ಷಣ "ನೋಡಿ ಸರ್, 100 ಬಂತು" ಎಂದು ತೋರಿಸಿದರೆ ಅದಕ್ಕೆ ದುಡ್ಡು ಕೊಡಬೇಡಿ. ಬ್ಯಾಟರಿಯ ಸರ್ಕ್ಯೂಟಿನಲ್ಲಿ ಸುತ್ತಿನ ಎಣಿಕೆಯನ್ನು ಸೊನ್ನೆ ಮಾಡಿ 100 ಎಂದು ಬರೆಯುವ ಯಂತ್ರಗಳು ರಿಪೇರಿ ಮಾರುಕಟ್ಟೆಯಲ್ಲಿವೆ. ಹಳೆಯ ಸರ್ಕ್ಯೂಟಿಗೇ ಹೊಸ ಸೆಲ್ ಬೆಸೆದಿದ್ದರೆ ಉಲ್ಟಾ ಆಗಿ, ಒಳ್ಳೆಯ ಸೆಲ್ ಇದ್ದರೂ ಹಳೆಯ 79 ಮುಂದುವರಿಯಬಹುದು. ಎರಡು ಪೂರ್ಣ ಸುತ್ತು ಆದ ಮೇಲೆ ಅದೇ ಟಾರ್ಚ್ ಪರೀಕ್ಷೆ ಮಾಡಿ. 30ರಿಂದ ನಿಧಾನವಾಗಿ ಇಳಿದರೆ ಬಿಲ್ಲು ಎತ್ತಿಡಿ, ಜಿಗಿದರೆ ಬಿಲ್ಲಿನ ಸಮೇತ ಅದೇ ಅಂಗಡಿಗೆ ಹೋಗಿ.