ಏಪ್ರಿಲ್ ಅಂಗಳಕ್ಕೆ ಅಕ್ಟೋಬರ್ ಹಸಿರು: ಮನೆಯನ್ನು ಮುಟ್ಟದ ಮೂರು ದಾರಿಗಳ ಹೋಲಿಕೆ

ತಿಪಟೂರಿನ ಹತ್ತಿರ ಇರುವ ತೋಟದ ಮನೆಯೊಂದನ್ನು ನಮ್ಮ ಅತ್ತೆಯ ಮನೆಯವರು ಹೋಂಸ್ಟೇ ಮಾಡಲು ಹೊರಟಿದ್ದಾರೆ. ಅದರ ಚಿತ್ರ ತೆಗೆದದ್ದು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ. ಮಂಗಳೂರು ಹಂಚಿನ ಮಾಡು, ಸುಣ್ಣದ ಗೋಡೆ, ಉದ್ದನೆಯ ಜಗಲಿ ಎಲ್ಲವೂ ಸೊಗಸಾಗಿ ಬಂದಿವೆ. ಅಂಗಳದಲ್ಲಿ ಮಾತ್ರ ಒಣಹುಲ್ಲು, ಕೆಂಪು ಮಣ್ಣು ಮತ್ತು ಎಲೆಯುದುರಿಸಿ ನಿಂತ ಒಂದು ದೇವಕಣಗಿಲೆ ಮರ. ಮಳೆಗಾಲ ಮುಗಿದ ಮೇಲೆ ಇದೇ ಅಂಗಳ ಹೇಗಿರುತ್ತದೆಂದು ತೋರಿಸುವ ಚಿತ್ರ ಅವರಿಗೆ ಬೇಕಿತ್ತು, ಅದೂ ಎ4 ಅಳತೆಯಲ್ಲಿ ಮುದ್ರಿಸುವಷ್ಟು ಸ್ಪಷ್ಟವಾಗಿ. ಷರತ್ತು ಒಂದೇ: ಮನೆಯ ಒಂದು ಹಂಚೂ ಕದಲಬಾರದು.

ಈ ಕೆಲಸಕ್ಕೆ ಮೂರು ದಾರಿಗಳಿವೆ. ಬಣ್ಣ ತಿದ್ದುವ ಹಳೆಯ ದಾರಿ ಒಂದು. ಇಡೀ ಚಿತ್ರವನ್ನು ಕೃತಕ ಬುದ್ಧಿಮತ್ತೆಯ ಸಾಧನಕ್ಕೆ ಕೊಟ್ಟು ಬರಹದಲ್ಲಿ ಸೂಚನೆ ಹೇಳುವುದು ಎರಡನೆಯದು. ಬದಲಾಗಬೇಕಾದ ಜಾಗವನ್ನು ಗುರುತಿಸುವ ಮಾಸ್ಕ್ ಅನ್ನು ಅಂಗಳಕ್ಕೆ ಮಾತ್ರ ಹಾಕಿ, ಆ ಭಾಗವನ್ನಷ್ಟೇ ಹೊಸದಾಗಿ ತುಂಬಿಸುವುದು ಮೂರನೆಯದು. ಒಂದೇ ಚಿತ್ರವನ್ನು ಮೂರಕ್ಕೂ ಒಡ್ಡಿ ನೋಡಿದೆ.

ಮೊದಲು ಪರೀಕ್ಷೆಯ ವಿಧಾನ ಹೇಳಿಬಿಡುತ್ತೇನೆ. ಮನೆ ಬದಲಾಗಿಲ್ಲ ಎಂದು ಕಣ್ಣಳತೆಯಲ್ಲಿ ಹೇಳುವುದು ನಂಬಿಕೆಗೆ ಅರ್ಹವಲ್ಲ. ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ, ತಿದ್ದಿದ ಚಿತ್ರದ ಮೇಲೆ ಮೂಲ ಚಿತ್ರವನ್ನು ಇನ್ನೊಂದು ಪದರವಾಗಿ ಇಟ್ಟು, ಮೇಲಿನ ಪದರದ ಮೋಡ್ ಅನ್ನು `Difference` ಎಂದು ಬದಲಿಸಬೇಕು. ಎರಡೂ ಚಿತ್ರಗಳು ಒಂದೇ ಆಗಿರುವ ಕಡೆ ಪರದೆ ಅಚ್ಚ ಕಪ್ಪಾಗುತ್ತದೆ. ವ್ಯತ್ಯಾಸ ಸಣ್ಣದಿದ್ದರೆ ಕಪ್ಪಿನಲ್ಲೇ ಅಡಗಿರುತ್ತದೆ, ಆದ್ದರಿಂದ ಹೊಳಪನ್ನು ಚೆನ್ನಾಗಿ ಏರಿಸಿ ಮತ್ತೊಮ್ಮೆ ನೋಡಬೇಕು. ಅಂಗಳ ಬೆಳಗಲಿ, ಅದು ಬೆಳಗಲೇಬೇಕು. ಮನೆಯ ಜಾಗದಲ್ಲಿ ಗೆರೆಯೊಂದು ಹೊಳೆದರೂ ಅಲ್ಲಿ ಏನೋ ಬದಲಾಗಿದೆ ಎಂದರ್ಥ.

ಬಣ್ಣ ತಿದ್ದುವ ದಾರಿಗೆ ದುಡ್ಡು ಬೇಡ, ಇಂಟರ್ನೆಟ್ ಬೇಡ. ಗಿಂಪ್‌ನ `Hue-Saturation` ಪೆಟ್ಟಿಗೆಯಲ್ಲಿ ಹಳದಿಯನ್ನು ಆರಿಸಿ, ಬಣ್ಣದ ಚಕ್ರದಲ್ಲಿ ಹಸಿರಿನ ಕಡೆಗೆ ಸರಿಸಿದರೆ ಹುಲ್ಲು ಹಸಿರಾಗುತ್ತದೆ. ಎಷ್ಟು ಸರಿಸಬೇಕು ಎಂಬಲ್ಲಿ ಅನೇಕರು ಎಡವುತ್ತಾರೆ. ಅಚ್ಚ ಹಸಿರು ಚಕ್ರದ 120 ಡಿಗ್ರಿಯಲ್ಲಿದೆ ಎಂದು ಅಲ್ಲಿಯವರೆಗೆ ಎಳೆದರೆ ಅಂಗಳಕ್ಕೆ ಪ್ಲಾಸ್ಟಿಕ್ ಚಾಪೆ ಹಾಸಿದಂತಾಗುತ್ತದೆ. ಬಿಸಿಲಿನಲ್ಲಿರುವ ಹುಲ್ಲಿನ ಹಸಿರು ಕ್ಯಾಮೆರಾದ ಕಣ್ಣಿಗೆ ಹಳದಿ ಬೆರೆತೇ ಬರುತ್ತದೆ; ಚಕ್ರದ 80ರಿಂದ 100 ಡಿಗ್ರಿಯ ನಡುವೆ ನಿಲ್ಲಿಸಿದರೆ ಸಾಕು. ಇನ್ನೊಂದು ಮುಖ್ಯ ಸಂಗತಿ ಹೊಳಪಿನದು. ಒಣಹುಲ್ಲು ಹಸಿ ಹುಲ್ಲಿಗಿಂತ ಬಿಳಿಚಿಕೊಂಡಿರುತ್ತದೆ. ಬಣ್ಣವನ್ನಷ್ಟೇ ಬದಲಿಸಿ ಹೊಳಪನ್ನು ತಗ್ಗಿಸದಿದ್ದರೆ ಪುದೀನ ಚಟ್ನಿಯ ಬಣ್ಣ ಬರುತ್ತದೆ. `Curves` ಬಳಸಿ ಹುಲ್ಲನ್ನು ಒಂದು ಮಟ್ಟ ಗಾಢ ಮಾಡಿದ ಮೇಲೆಯೇ ಅದು ನೀರು ಕುಡಿದ ಹುಲ್ಲಿನಂತೆ ಕಾಣುವುದು.

ಈ ದಾರಿಯ ಮಿತಿ ಮಣ್ಣಿನಲ್ಲಿದೆ. ಹುಲ್ಲಿರುವ ಕಡೆ ಹುಲ್ಲು ಹಸಿರಾಗುತ್ತದೆ, ಬರಿ ನೆಲವಿರುವ ಕಡೆ ಹಸಿರು ಬಣ್ಣದ ಬರಿ ನೆಲ ಬರುತ್ತದೆ. ಇಲ್ಲದ ಎಲೆಯನ್ನು ಇದು ಹುಟ್ಟಿಸಲಾರದು. ಜೊತೆಗೆ ನಮ್ಮ ಕಡೆಯ ಮನೆಗಳಿಗೇ ಸೇರಿದ ತೊಡಕೊಂದಿದೆ: ಕೆಂಪು ಮಣ್ಣಿನ ಬಣ್ಣವೂ ಹಂಚಿನ ಬಣ್ಣವೂ ಹೆಚ್ಚುಕಡಿಮೆ ಒಂದೇ. ಬಣ್ಣದ ಆಧಾರದಲ್ಲಿ ಮಣ್ಣನ್ನು ಆಯ್ಕೆ ಮಾಡಲು ಹೋದರೆ ಮಾಡೂ ಅದರ ಜೊತೆಗೆ ಬರುತ್ತದೆ, ಜಗಲಿಯ ಕೆಂಪು ಕಾವಿಯೂ ಬರುತ್ತದೆ. ಹಾಗಾಗಿ ಮನೆಯ ಸುತ್ತ ಪಾತ್ ಸಾಧನದಿಂದ ಕೈಯಾರೆ ಗೆರೆ ಎಳೆಯುವುದು ತಪ್ಪುವುದಿಲ್ಲ. ಸೂರಿನ ಅಂಚಿನಲ್ಲಿ ಒಂದೊಂದು ಹಂಚಿನ ಬಾಗನ್ನೂ ಹಿಡಿಯುವುದು ತಾಳ್ಮೆಯ ಕೆಲಸ. ಆದರೆ ಒಮ್ಮೆ ಮಾಡಿಟ್ಟ ಆ ಮಾಸ್ಕ್ ಮುಂದೆ ಎಲ್ಲಕ್ಕೂ ಬೇಕಾಗುತ್ತದೆ.

ಬರಹದ ಸೂಚನೆಯ ದಾರಿ ಇದಕ್ಕೆ ತದ್ವಿರುದ್ಧ. ಕೆಲಸ ಕ್ಷಣಾರ್ಧದ್ದು, ಫಲ ಮೊದಲ ನೋಟಕ್ಕೆ ಬೆರಗು ಹುಟ್ಟಿಸುವಂಥದ್ದು. ನಾನು ಕೊಟ್ಟ ಸೂಚನೆ ಹೀಗಿತ್ತು:

```
Replace only the bare soil and dry grass with
green grass, hibiscus and banana plants.
Keep the sunlight and shadow direction.
Do not change the house, steps or framing.
```

ಗಿಡಗಳ ಹೆಸರು ಹೇಳದಿದ್ದರೆ ಇಂಗ್ಲೆಂಡಿನ ತೋಟ ಬಂದು ಕೂರುತ್ತದೆ: ಕತ್ತರಿಸಿದ ಪೊದೆ, ನೇರಳೆ ಹೂವಿನ ಸಾಲು, ಬಿಲಿಯರ್ಡ್ಸ್ ಮೇಜಿನಂಥ ಹುಲ್ಲು. ದಾಸವಾಳ, ಬಾಳೆ ಎಂದು ಬರೆದ ಮೇಲೆ ಊರು ನಮ್ಮದಾಯಿತು. ನೆರಳು ಬೆಳಕಿನ ಹೊಂದಾಣಿಕೆಯಲ್ಲಂತೂ ಮೂರು ದಾರಿಗಳಲ್ಲಿ ಇದೇ ಮುಂದು. ಬಾಳೆ ಎಲೆಯ ಮೇಲೆ ಬಿಸಿಲು ಬಿದ್ದು, ಅದರ ಹಸಿರು ನೆರಳು ಪಕ್ಕದ ಎಲೆಯ ಮೇಲೆ ಹಾಯ್ದಿರುವುದನ್ನು ಕೈಯಲ್ಲಿ ಮಾಡಬೇಕೆಂದರೆ ನಾನಂತೂ ಕೈಮುಗಿಯುತ್ತೇನೆ.

ಆದರೆ ಷರತ್ತನ್ನು ಇದು ಪಾಲಿಸಲಿಲ್ಲ. ಚಿತ್ರ ನೋಡಿದ ಅತ್ತೆ, ‘ಇದು ನಮ್ಮ ಮನೆಯಲ್ಲ ಕಣಪ್ಪ, ನಮ್ಮ ಮನೆಯ ತಮ್ಮ’ ಎಂದರು. ಕಿಟಕಿಗೆ ಒಂದು ಸರಳು ಹೆಚ್ಚಾಗಿತ್ತು. ಬಾಗಿಲ ಮೇಲಿನ ಹೆಸರಿನ ಕನ್ನಡ ಅಕ್ಷರಗಳು ಯಾವ ಭಾಷೆಗೂ ಸೇರದ ಸುರುಳಿಗಳಾಗಿದ್ದವು. `Difference` ಪರೀಕ್ಷೆಯಲ್ಲಿ ಮನೆಯ ಒಂದೊಂದು ಅಂಚೂ ಹೊಳೆಯಿತು. ಇದಕ್ಕೆ ಕಾರಣವಿದೆ. ಇಂಥ ಸಾಧನಗಳಲ್ಲಿ ಹೆಚ್ಚಿನವು ಚಿತ್ರದ ಒಂದು ಭಾಗವನ್ನು ಎತ್ತಿ ಬದಲಿಸುವುದಿಲ್ಲ. ಇಡೀ ಚಿತ್ರವನ್ನು ಸಂಕ್ಷೇಪಿಸಿಕೊಂಡು, ಅದನ್ನು ನೋಡಿ ಮೊದಲಿನಿಂದ ಇನ್ನೊಂದನ್ನು ರಚಿಸುತ್ತವೆ. ಮನೆಯನ್ನು ಮುಟ್ಟಬೇಡ ಎಂದರೆ ಅದು ಮನೆಯನ್ನು ಆದಷ್ಟು ಹಾಗೆಯೇ ಮತ್ತೆ ಬರೆಯುತ್ತದೆ, ಅಷ್ಟೇ. ಸೂಚನೆಯನ್ನು ಎಷ್ಟು ಬಿಗಿ ಮಾಡಿದರೂ ಈ ಗುಣ ಹೋಗುವುದಿಲ್ಲ. ಅಳತೆಯಲ್ಲೂ ನಷ್ಟವಿದೆ. ನಾನು ಕೊಟ್ಟದ್ದು 24 ಮೆಗಾಪಿಕ್ಸೆಲ್‌ನ ಚಿತ್ರ, ಮರಳಿ ಬಂದದ್ದು ಸುಮಾರು ಒಂದು ಮೆಗಾಪಿಕ್ಸೆಲ್‌ನದು. ಎ4 ಹಾಳೆಯನ್ನು ಇಂಚಿಗೆ 300 ಪಿಕ್ಸೆಲ್ ಗುಣಮಟ್ಟದಲ್ಲಿ ಮುದ್ರಿಸಲು 3508 × 2480 ಪಿಕ್ಸೆಲ್, ಅಂದರೆ ಸುಮಾರು 8.7 ಮೆಗಾಪಿಕ್ಸೆಲ್ ಬೇಕು. ಮೊಬೈಲ್‌ನಲ್ಲಿ ನೋಡುವುದಕ್ಕಾದರೆ ಚಿಂತೆಯಿಲ್ಲ.

ಈ ಹೊಸ ಚಿತ್ರದ ಮೇಲೆ ಮೂಲ ಮನೆಯನ್ನು ಕತ್ತರಿಸಿ ಅಂಟಿಸಬಹುದಲ್ಲ ಎಂದು ಯಾರಿಗಾದರೂ ತೋಚುತ್ತದೆ. ಅಂಟಿಸಿಯೂ ನೋಡಿದೆ. ಹೊಸ ಚಿತ್ರದಲ್ಲಿ ಮನೆ ಕೊಂಚ ಸರಿದಿರುತ್ತದೆ, ಮೆಟ್ಟಿಲು ಒಂದು ಕೂದಲೆಳೆ ಅಗಲವಾಗಿರುತ್ತದೆ. ಮೂಲ ಮನೆಯ ಹಿಂದಿನಿಂದ ಆ ನಕಲಿ ಮೆಟ್ಟಿಲಿನ ಅಂಚು ಇಣುಕುತ್ತದೆ. ಅದನ್ನು ಒರೆಸುತ್ತ ಕೂರುವ ಹೊತ್ತಿಗೆ ಮೂರನೆಯ ದಾರಿಯಲ್ಲೇ ಕೆಲಸ ಮುಗಿದಿರುತ್ತದೆ.

ಮೂರನೆಯದನ್ನು ಇನ್‌ಪೇಂಟಿಂಗ್ ಎನ್ನುತ್ತಾರೆ. ಫೋಟೋಶಾಪ್‌ನ ಜನರೇಟಿವ್ ಫಿಲ್ ಇದೇ ಜಾತಿಯದು. ಅದು ಹೊಸ ಭಾಗವನ್ನು ಪ್ರತ್ಯೇಕ ಪದರದಲ್ಲಿ ಇಡುವುದರಿಂದ ಆಯ್ಕೆಯ ಹೊರಗಿನ ಮೂಲ ಪಿಕ್ಸೆಲ್‌ಗಳು ಹಾಗೆಯೇ ಉಳಿಯುತ್ತವೆ. ನಾನು ಹೆಚ್ಚು ಬಳಸಿದ್ದು ನನ್ನ ಕಂಪ್ಯೂಟರಿನಲ್ಲೇ ಓಡುವ, ಚಿತ್ರ ರಚಿಸುವ ಕೃತಕ ಬುದ್ಧಿಮತ್ತೆಯ ಮಾದರಿ ಸ್ಟೇಬಲ್ ಡಿಫ್ಯೂಷನ್. ಅದರಲ್ಲಿ `Denoising strength` ಎಂಬ ಒಂದು ಹಿಡಿ ಕೈಗೆ ಸಿಗುತ್ತದೆ, ಈ ಕೆಲಸದ ಜೀವಾಳ ಅದೇ. ಅದನ್ನು 1ಕ್ಕೆ ಏರಿಸಿದರೆ ಮಾಸ್ಕ್ ಒಳಗಿನ ಹಳೆಯ ಚಿತ್ರವನ್ನು ಸಾಧನ ಪೂರ್ತಿ ಮರೆಯುತ್ತದೆ. ಅಂಗಳದ ಮೇಲೆ ಬಿದ್ದಿದ್ದ ಮನೆಯ ನೆರಳೂ ಹೋಗುತ್ತದೆ, ಸಾಧನ ತನಗೆ ತೋಚಿದ ಕಡೆ ನೆರಳು ಹಾಕುತ್ತದೆ. 0.3ಕ್ಕೆ ಇಳಿಸಿದರೆ ಏನೂ ಬೆಳೆಯುವುದಿಲ್ಲ. ನಡುವೆ 0.55, 0.6 ಎಂದು ಇಟ್ಟರೆ ನೆರಳು ತನ್ನ ಜಾಗದಲ್ಲಿ ನಿಲ್ಲುತ್ತದೆ, ಆದರೆ ಕೆಳಗಿನ ಮಣ್ಣಿನ ಕೆಂಪು ಎಲೆಗಳಿಗೆ ಹತ್ತಿ ಎಲ್ಲವೂ ಬಾಡಿದಂತೆ ಬರುತ್ತವೆ.

ಇಲ್ಲಿ ಮೊದಲನೆಯ ದಾರಿ ನೆರವಿಗೆ ಬಂತು. ಬಣ್ಣ ತಿದ್ದಿ ಹಸಿರು ಮಾಡಿದ್ದ ಆ ಪೇಲವ ಅಂಗಳವಿತ್ತಲ್ಲ, ಅದನ್ನೇ ತಳಹದಿಯಾಗಿ ಕೊಟ್ಟೆ. ಗಿಡ ಬೇಕಾದ ಕಡೆ ಅಗಲ ಬ್ರಷ್‌ನಿಂದ ಗಾಢ ಹಸಿರಿನ ಉಂಡೆಗಳನ್ನು ಒರಟಾಗಿ ಬಳಿದೆ. ಆಮೇಲೆ 0.6ರಲ್ಲಿ ಇನ್‌ಪೇಂಟ್ ಮಾಡಿದರೆ ಆ ಉಂಡೆಗಳೇ ದಾಸವಾಳದ ಪೊದೆಗಳಾದವು, ಹಸಿರು ನೆಲ ಗರಿಕೆಯಾಯಿತು, ಜಗಲಿಯ ಮುಂದಿನ ನೆರಳು ಇದ್ದಲ್ಲೇ ಇತ್ತು. ಇಡೀ ಅಂಗಳವನ್ನು ಒಂದೇ ಸಲ ಕೊಡಬಾರದು. ಮಾದರಿ ಕೆಲಸ ಮಾಡುವುದು ಸುಮಾರು 1024 ಪಿಕ್ಸೆಲ್ ಚೌಕದಲ್ಲಿ. ದೊಡ್ಡ ಜಾಗ ಕೊಟ್ಟರೆ ಅದನ್ನು ಹಿಗ್ಗಿಸಿ ಎಲೆಗಳನ್ನು ಮೇಣ ಮಾಡುತ್ತದೆ. ಅಂಗಳವನ್ನು ತುಂಡು ತುಂಡಾಗಿ, ಒಂದರ ಅಂಚು ಇನ್ನೊಂದರ ಮೇಲೆ ಸ್ವಲ್ಪ ಬರುವಂತೆ ತುಂಬಿಸಿದರೆ ಮುದ್ರಣಕ್ಕೆ ಬೇಕಾದ ವಿವರ ಸಿಗುತ್ತದೆ. ಕೊನೆಯಲ್ಲಿ ಮೂಲ ಮನೆಯ ಪದರವನ್ನು, ಮೊದಲೇ ಎಳೆದಿಟ್ಟ ಮಾಸ್ಕ್ ಸಮೇತ, ಎಲ್ಲದರ ಮೇಲೆ ಇಟ್ಟೆ. ಪರೀಕ್ಷೆಯಲ್ಲಿ ಮನೆ ಕಪ್ಪಾಗಿ ನಿಂತಿತು.

ಮಾಸ್ಕ್‌ನ ಅಂಚಿನ ಬಗ್ಗೆ ಒಂದು ಮಾತು. ಅಂಚನ್ನು ಒಂದೆರಡು ಪಿಕ್ಸೆಲ್‌ಗಿಂತ ಹೆಚ್ಚು ಮೃದು ಮಾಡಿದರೆ ಸುಣ್ಣದ ಗೋಡೆಯ ಬುಡಕ್ಕೆ ಪಾಚಿ ಕಟ್ಟಿದಂತೆ ಹಸಿರು ಹರಡುತ್ತದೆ. ತೀರ ಚೊಕ್ಕಟವಾಗಿ ಕತ್ತರಿಸಿದರೆ ಗೋಡೆಯ ಉದ್ದಕ್ಕೂ ಹುಲ್ಲು ಗೆರೆ ಎಳೆದಂತೆ ನಿಂತು, ಮನೆ ರತ್ನಗಂಬಳಿಯ ಮೇಲೆ ಇಟ್ಟಂತೆ ಕಾಣುತ್ತದೆ. ಪಾಯದ ಕಲ್ಲಿನ ಬುಡದಲ್ಲಿ ಮಾತ್ರ, ಅಲ್ಲಲ್ಲಿ ಒಂದೊಂದು ಎಸಳು ಮೇಲೆ ಬರಲು ಅತ್ತೆಯನ್ನು ಕೇಳಿ ಒಪ್ಪಿಸಿದೆ. ಗೋಡೆಯ ಕೆಳಭಾಗದಲ್ಲಿ ಮಳೆಹನಿ ಸಿಡಿಸಿದ ಕೆಂಪು ಕಲೆಯನ್ನು ಹಾಗೆಯೇ ಬಿಟ್ಟೆ. ಮಳೆ ಮುಗಿದ ತಿಂಗಳಿನ ಚಿತ್ರದಲ್ಲಿ ಆ ಕಲೆ ಇರಲೇಬೇಕು.

ತಿಂಗಳ ಆಯ್ಕೆಯೂ ಸುಮ್ಮನೆ ಮಾಡಿದ್ದಲ್ಲ. ಹಸಿರು ಎಂದೊಡನೆ ಜುಲೈ ನೆನಪಾಗುತ್ತದೆ, ಆದರೆ ಜುಲೈನಲ್ಲಿ ಮೋಡ ಕವಿದು ನೆರಳಿಗೆ ಅಂಚೇ ಇರುವುದಿಲ್ಲ. ನಮ್ಮ ಗೋಡೆಯ ಮೇಲೆ ಸೂರಿನ ನೆರಳು ಚಾಕುವಿನಲ್ಲಿ ಕೊಯ್ದಂತೆ ಬಿದ್ದಿದೆ, ಅದನ್ನು ಮುಟ್ಟುವಂತಿಲ್ಲ. ಹಸಿರೂ ಇದ್ದು ನಡುನಡುವೆ ಆಕಾಶವೂ ತಿಳಿಯಾಗುವುದು ಅಕ್ಟೋಬರ್, ನವೆಂಬರ್ ಹೊತ್ತಿಗೆ.

ಮೂರೂ ದಾರಿಗಳು ಸೋತದ್ದು ದೇವಕಣಗಿಲೆಯ ಮುಂದೆ. ಮರ ಬೇಸಿಗೆಯಲ್ಲಿ ಬೋಳಾಗಿತ್ತು, ಅದರ ದಪ್ಪ ಬೆರಳುಗಳಂಥ ಕೊಂಬೆಗಳ ನೆರಳು ಗೋಡೆಯ ಮೇಲೆ ಸ್ಪಷ್ಟವಾಗಿ ಬಿದ್ದಿತ್ತು. ಮರಕ್ಕೆ ಎಲೆ ತುಂಬಿಸುವುದು ಸುಲಭ, ಇನ್‌ಪೇಂಟಿಂಗ್ ಅದನ್ನು ಚೆಂದವಾಗಿಯೇ ಮಾಡಿತು. ಆಗ ಅಂಗಳದಲ್ಲಿ ಎಲೆ ತುಂಬಿದ ಮರ, ಗೋಡೆಯ ಮೇಲೆ ಬೋಳು ಮರದ ನೆರಳು. ನೆರಳನ್ನು ಬದಲಿಸಿದರೆ ಗೋಡೆಯನ್ನು ಮುಟ್ಟಿದಂತೆ. ಕೊನೆಗೆ ಮರವನ್ನು ಬೋಳಾಗಿಯೇ ಬಿಟ್ಟು, ಬುಡದ ಸುತ್ತ ಮಾತ್ರ ಗಿಡ ಬೆಳೆಸಿದೆ. ಅಕ್ಟೋಬರ್‌ನಲ್ಲಿ ದೇವಕಣಗಿಲೆ ಬೋಳಾಗಿರುವುದಿಲ್ಲ ಎಂದು ಗಿಡಗಳನ್ನು ಬಲ್ಲವರು ಹಿಡಿದೇ ಹಿಡಿಯುತ್ತಾರೆ. ಮನೆಯ ಮುಂದೆ ಮರವಿದ್ದವರು ಚಿತ್ರ ತೆಗೆಯುವಾಗಲೇ ಮರದ ನೆರಳು ಗೋಡೆಗೆ ಬೀಳದ ಹೊತ್ತನ್ನು ಆರಿಸಿಕೊಳ್ಳುವುದು ಲೇಸು.

ಮೊಬೈಲ್‌ನಲ್ಲಿ ಹಂಚಲು ಅಥವಾ ಮಾಲಿಗೆ ಯಾವ ಗಿಡ ಎಲ್ಲಿ ಎಂದು ತೋರಿಸಲು ಬರಹದ ಸೂಚನೆಯ ದಾರಿ ಸಾಕು. ಒಣಹುಲ್ಲು ಒತ್ತಾಗಿರುವ ಅಂಗಳಕ್ಕೆ ಬಣ್ಣ ತಿದ್ದುವುದೊಂದೇ ಸಾಕು, ಬೇರೆ ಯಾವುದೂ ಬೇಡ. ಕೆಂಪು ನೆಲ ಕಾಣುವ ಅಂಗಳವನ್ನು ಮುದ್ರಣಕ್ಕೆ ಕೊಡಬೇಕಾದಾಗ ಬಣ್ಣ ತಿದ್ದಿ ಅದರ ಮೇಲೆ ಇನ್‌ಪೇಂಟ್ ಮಾಡುವುದನ್ನು ಬಿಟ್ಟರೆ ನನಗೆ ಬೇರೆ ದಾರಿ ಕಾಣಲಿಲ್ಲ. ಹೋಂಸ್ಟೇಯ ಹಾಳೆಯಲ್ಲಿ ಚಿತ್ರದ ಕೆಳಗೆ ‘ಮಳೆಗಾಲದ ನಂತರದ ಅಂಗಳ, ಕಲ್ಪಿತ ಚಿತ್ರ’ ಎಂದು ಅಚ್ಚು ಹಾಕಿಸಲು ಹೇಳಿದ್ದೇನೆ. ಏಪ್ರಿಲ್‌ನಲ್ಲಿ ಬಂದಿಳಿದ ಅತಿಥಿ ಬಾಳೆಗಿಡ ಎಲ್ಲಿ ಎಂದು ಕೇಳಿದರೆ ಉತ್ತರ ಹೇಳಬೇಕಾದವರು ಅತ್ತೆ.