ಹೊಲದ ಲೆಕ್ಕದ ಆ್ಯಪ್: ಹಲವು ಹಂಗಾಮು ಬಳಸಿದ ಮೇಲಿನ ವಿಮರ್ಶೆ (5ಕ್ಕೆ 3 ಸ್ಟಾರ್)

ಖರ್ಚು ಬರೆದಿಡೋಕೆ ಈ ಆ್ಯಪ್ ಚೆನ್ನಾಗಿದೆ. ಬೀಜ, ಗೊಬ್ಬರ, ಆಳು, ಟ್ರ್ಯಾಕ್ಟರ್ ಬಾಡಿಗೆ ಎಲ್ಲವನ್ನೂ ಹೊಲದ ಹೆಸರಿನ ಮೇಲೆ ಹಾಕಬಹುದು, ನೆಟ್‌ವರ್ಕ್ ಇಲ್ಲದಿದ್ದರೂ ಉಳಿಯುತ್ತದೆ. ಎಡವಟ್ಟು ಇರುವುದು ಹೊಲ ಹೊಲ ಹೋಲಿಸುವ ಪುಟದಲ್ಲಿ. ಸುಗ್ಗಿ ಮುಗಿದ ಮೇಲೆ ಎಲ್ಲರೂ ವಾಟ್ಸಾಪ್‌ನಲ್ಲಿ ಕಳಿಸುವುದು ಅದರ ಸ್ಕ್ರೀನ್‌ಶಾಟನ್ನೇ. ಅದನ್ನು ನೋಡಿ ಮುಂದಿನ ವರ್ಷದ ಬೀಜ, ಗೊಬ್ಬರ ತೀರ್ಮಾನಿಸುವವರು ಈ ಕೆಳಗಿನ ಲೆಕ್ಕ ಒಮ್ಮೆ ನೋಡಿ.

ಮೆಕ್ಕೆಜೋಳದ ಎರಡು ಹೊಲ ಎಂದಿಟ್ಟುಕೊಳ್ಳಿ. ಕೆರೆ ಹೊಲ 1 ಎಕರೆ 20 ಗುಂಟೆ, 33 ಕ್ವಿಂಟಲ್, ಖರ್ಚು 30,000 ರೂಪಾಯಿ. ರಸ್ತೆ ಹೊಲ 2 ಎಕರೆ, 46 ಕ್ವಿಂಟಲ್, ಖರ್ಚು 44,000. ಸ್ಕ್ರೀನ್‌ಶಾಟ್‌ನಲ್ಲಿ ಕೆರೆ ಹೊಲ ಎಕರೆಗೆ 27.5 ಕ್ವಿಂಟಲ್, ರಸ್ತೆ ಹೊಲ 23. ಕೆರೆ ಹೊಲ ಭರ್ಜರಿ ಎನ್ನಿಸುತ್ತದೆ, ಆದರೆ ಅದು ಸುಳ್ಳು. ಪಹಣಿಯಲ್ಲಿ 1-20 ಎಂದಿರುವುದನ್ನು ಹಾಗೇ 1.20 ಎಂದು ತುಂಬಿದ್ದಾರೆ. ಆ್ಯಪ್‌ಗೆ ಗುಂಟೆ ಗೊತ್ತಿಲ್ಲ, ಅದು ದಶಮಾಂಶ ಎಂದುಕೊಳ್ಳುತ್ತದೆ. ಎಕರೆಗೆ 40 ಗುಂಟೆ, ಹಾಗಾಗಿ 20 ಗುಂಟೆಯನ್ನು 40ರಿಂದ ಭಾಗಿಸಿ 1.5 ಎಂದು ಹಾಕಬೇಕಿತ್ತು. ಆಗ ಇಳುವರಿ ಎಕರೆಗೆ 22 ಕ್ವಿಂಟಲ್‌ಗೆ ಇಳಿಯುತ್ತದೆ. ಬೇರೆಯವರ ಸ್ಕ್ರೀನ್‌ಶಾಟ್‌ನಲ್ಲಿ ಈ ತಪ್ಪು ಹಿಡಿಯುವುದು ಸುಲಭ: ಏಳೆಂಟು ಹೊಲಗಳಿದ್ದೂ ಯಾವುದರಲ್ಲೂ ಚುಕ್ಕಿಯ ಮುಂದಿನ ಅಂಕಿ 39 ದಾಟಿಲ್ಲವೆಂದರೆ ಅಲ್ಲಿರುವುದು ಗುಂಟೆಯೇ. ಪಹಣಿಯ ಒಟ್ಟು ವಿಸ್ತೀರ್ಣದಲ್ಲಿ ಖರಾಬು ಸೇರಿದ್ದರೆ ಅದನ್ನೂ ಕಳೆದು, ಬಿತ್ತಿದಷ್ಟನ್ನೇ ತುಂಬಿ.

ವಿಸ್ತೀರ್ಣ ನಂಬಿಕೆಗೆ ಬಾರದಿದ್ದರೆ ಎಕರೆ ಲೆಕ್ಕ ಬಿಟ್ಟು ಕ್ವಿಂಟಲ್‌ಗೆ ಬಿದ್ದ ಖರ್ಚು ನೋಡಿ. ಒಟ್ಟು ಖರ್ಚನ್ನು ಒಟ್ಟು ಇಳುವರಿಯಿಂದ ಭಾಗಿಸಿದರೆ ಸಾಕು, ಎಕರೆಯ ತಪ್ಪು ಅದರೊಳಗೆ ಬರುವುದೇ ಇಲ್ಲ. ಇಲ್ಲಿ ಕೆರೆ ಹೊಲಕ್ಕೆ 909 ರೂಪಾಯಿ, ರಸ್ತೆ ಹೊಲಕ್ಕೆ 957. ಆ್ಯಪ್ ಈ ಅಂಕಿಯನ್ನು ಎಲ್ಲೂ ತೋರಿಸುವುದಿಲ್ಲ, ನನ್ನ ದೊಡ್ಡ ತಕರಾರು ಇದೇ.

ಇಷ್ಟಕ್ಕೂ ಕೆರೆ ಹೊಲವೇ ಅಗ್ಗವಾಯಿತಲ್ಲ ಎನ್ನಬೇಡಿ. ತೂಕದ ದಿನ ಕಾಳು ಎಷ್ಟು ಒಣಗಿತ್ತು ಎಂದು ಕೇಳಿ. ಕೆರೆ ಹೊಲದ ಕಾಳನ್ನು ಒಕ್ಕಣೆ ಆದ ಕೂಡಲೇ ಶೇ. 20 ತೇವಾಂಶದಲ್ಲಿ ತೂಗಿ, ರಸ್ತೆ ಹೊಲದ್ದನ್ನು ಕಣದಲ್ಲಿ ಶೇ. 14ಕ್ಕೆ ಒಣಗಿಸಿ ತೂಗಿದ್ದರೆ ಹೋಲಿಕೆಯೇ ತಪ್ಪು, ಮೊದಲನೆಯದರಲ್ಲಿ ನೀರನ್ನೂ ಇಳುವರಿ ಎಂದು ಎಣಿಸಿದಂತೆ. 33ನ್ನು 80ರಿಂದ ಗುಣಿಸಿ 86ರಿಂದ ಭಾಗಿಸಿದರೆ ಶೇ. 14ರ ತೂಕ ಸಿಗುತ್ತದೆ: 30.7 ಕ್ವಿಂಟಲ್. ಈಗ ಕ್ವಿಂಟಲ್ ಖರ್ಚು 977 ಆಗಿ, ರಸ್ತೆ ಹೊಲ ಮುಂದೆ ಬಂತು. ತೇವಾಂಶ ಬರೆಯಲು ಆ್ಯಪ್‌ನಲ್ಲಿ ಜಾಗವಿಲ್ಲ. ಹೊಲದ ಹೆಸರಿನಲ್ಲೇ "ಕೆರೆ 14%" ಎಂದು ಸೇರಿಸಿದರೆ ಸ್ಕ್ರೀನ್‌ಶಾಟ್‌ನಲ್ಲಿ ಕಾಣುತ್ತದೆ. ಹೆಸರು ಉದ್ದವಾದರೆ ಪರದೆಯಲ್ಲಿ ಕತ್ತರಿಸಿಹೋಗುತ್ತದೆ, ಚಿಕ್ಕದಾಗಿರಲಿ.

ಖರ್ಚಿನ ಕಡೆ ಕೆಡುವುದು ಗೊಬ್ಬರದ ಚೀಲದಿಂದ. ಅಂಗಡಿಯಿಂದ ತಂದ ದಿನ ಬಿಲ್ಲನ್ನು ಪೂರ್ತಿ ಒಂದೇ ಹೊಲದ ಮೇಲೆ ಹಾಕಿಬಿಡುತ್ತೇವೆ, ಎರಚುವಾಗ ಚೀಲ ಎರಡೂ ಕಡೆ ಹೋಗಿರುತ್ತದೆ. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಬಿತ್ತುವಾಗ ಡಿಎಪಿ ಎಕರೆಗೆ ಹತ್ತಿರ ಹತ್ತಿರ ಒಂದು ಚೀಲ ಹಿಡಿಯುತ್ತದೆ. ರಸ್ತೆ ಹೊಲದ 2 ಎಕರೆಗೆ 3 ಚೀಲ, ಕೆರೆ ಹೊಲದ ಒಂದೂವರೆ ಎಕರೆಗೆ ಅರ್ಧ ಚೀಲ ಎಂದು ಕಂಡರೆ ಒಂದು ಚೀಲ ತಪ್ಪು ಖಾತೆಗೆ ಬಿದ್ದಿದೆ ಎಂದೇ ಅರ್ಥ. ಚೀಲಕ್ಕೆ 1,350 ರೂಪಾಯಿಯಂತೆ ಅದನ್ನು ಸರಿಸಿದರೆ ಕೆರೆ ಹೊಲ 1,021, ರಸ್ತೆ ಹೊಲ 927. ಇಪ್ಪತ್ತು ರೂಪಾಯಿಯ ಅಂತರ 94ಕ್ಕೆ ಹೋಯಿತು. ಖರೀದಿಯನ್ನು "ದಾಸ್ತಾನು" ಎಂಬ ಹುಸಿ ಹೊಲದ ಮೇಲೆ ಹಾಕಿ, ಎರಚಿದ ದಿನ ಕಿಲೋ ಲೆಕ್ಕದಲ್ಲಿ ಹಂಚುವುದು ಒಳ್ಳೆಯದು. ಡಿಎಪಿ ಚೀಲ 50 ಕಿಲೋ, ಯೂರಿಯಾ ಚೀಲ 45 ಕಿಲೋ. ಇದನ್ನು ಮರೆತರೆ ಮತ್ತೆ ಲೆಕ್ಕ ತಪ್ಪುತ್ತದೆ.

ಮನೆಯವರ ದುಡಿಮೆ ಬರೆಯದಿದ್ದರೆ ಮನೆ ಪಕ್ಕದ ಹೊಲ ಯಾವಾಗಲೂ ಅಗ್ಗವಾಗಿ ಕಾಣುತ್ತದೆ. ಊರಿನ ಕೂಲಿ ದರದಲ್ಲೇ ಅದನ್ನೂ ಹಾಕಿ.

ಹಂಗಾಮಿನ ಫಿಲ್ಟರ್ ಕಾಣುವಂತೆ ಪುಟದ ತಲೆಯಿಂದಲೇ ಸ್ಕ್ರೀನ್‌ಶಾಟ್ ತೆಗೆಯಿರಿ, ಇಲ್ಲವಾದರೆ ಮುಂಗಾರು ಹಿಂಗಾರು ಕೂಡಿದ ಒಟ್ಟು ಮೊತ್ತವೋ ಏನೋ ನೋಡುವವರಿಗೆ ತಿಳಿಯದು. ಇನ್ನೊಂದು: ವಿಸ್ತೀರ್ಣ ತಿದ್ದಿದರೆ ಹಳೆಯ ಹಂಗಾಮುಗಳ ಎಕರೆ ಲೆಕ್ಕವೂ ಬದಲಾಗುತ್ತದೆ. ಈ ವರ್ಷ ಅರ್ಧ ಹೊಲ ಮಾತ್ರ ಬಿತ್ತಿದ್ದರೆ ತಿದ್ದಬೇಡಿ, ಹೊಸ ಹೊಲ ಎಂದೇ ಸೇರಿಸಿ.