ಲಾರಿಯಲ್ಲಿರುವ ಮಾಲು ಯಾರ ಸ್ಟಾಕು? ನಾನು ಬಳಸಿದ ಮೂರು ದಾರಿ

ನಮ್ಮದು ಪೈಪ್ ಫಿಟಿಂಗ್ಸ್ ವ್ಯಾಪಾರ. ಹುಬ್ಬಳ್ಳಿಯಲ್ಲಿ ಮುಖ್ಯ ಗೋದಾಮು, ಹೊರಗೆ ಒಂಬತ್ತು ಡಿಪೋ. ಡಿಪೋಗೆ ಕಳಿಸಿದ ಮಾಲನ್ನು ಟ್ಯಾಲಿಯಲ್ಲಿ ಮೂರು ರೀತಿ ಬರೆದು ನೋಡಿದ್ದೇನೆ. ಮೂರಕ್ಕೂ ಒಂದೇ ಲೋಡು ಇಟ್ಟುಕೊಳ್ಳೋಣ. ಮಾರ್ಚ್ 31ರ ಸಂಜೆ 400 ಪೆಟ್ಟಿಗೆ ಹೊರಟವು. ಪೆಟ್ಟಿಗೆಗೆ 1,200ರಂತೆ 4,80,000 ರೂಪಾಯಿ. ಏಪ್ರಿಲ್ 2ಕ್ಕೆ ಕಲಬುರಗಿಯಲ್ಲಿ ಇಳಿದದ್ದು 394.

ಮೊದಲನೆಯದು, ಒಂದೇ ಸ್ಟಾಕ್ ಜರ್ನಲ್. ಅದೇ ದಿನ ಇಲ್ಲಿ ಕಳೆ, ಅಲ್ಲಿ ಕೂಡು. ಎರಡು ನಿಮಿಷದ ಕೆಲಸ, ಕಂಪನಿಯ ಒಟ್ಟು ಸ್ಟಾಕೂ ಸರಿ ಇರುತ್ತದೆ. ಆದರೆ ಲಾರಿ ಇನ್ನೂ ದಾರಿಯಲ್ಲಿರುವಾಗಲೇ ಡಿಪೋ ಹುಡುಗ ಸ್ಕ್ರೀನ್ ನೋಡಿ ಬಿಲ್ ಮಾಡಿಬಿಡುತ್ತಾನೆ. ಆ 6 ಪೆಟ್ಟಿಗೆ ಗೊತ್ತಾಗೋದು ಮುಂದಿನ ಎಣಿಕೆಯಲ್ಲಿ. ಅಷ್ಟರಲ್ಲಿ ಲಾರಿಯವನಿಗೆ ಬಾಡಿಗೆ ಕೊಟ್ಟಾಗಿರುತ್ತದೆ.

ಎರಡನೆಯದು, ಅವರವರ ಪುಸ್ತಕ ಅವರವರೇ ಬರೆಯೋದು. ನಾವು 31ಕ್ಕೆ ಕಲಬುರಗಿ ಶಾಖೆಗೆ ಡೆಬಿಟ್ ಹಾಕಿದೆವು, ಅವರು 2ನೇ ತಾರೀಖು ಜಮಾ ಮಾಡಿಕೊಂಡರು. ವರ್ಷದ ಕೊನೆಗೆ 4,80,000ದ ಮಾಲು ಇಬ್ಬರ ಸ್ಟಾಕಿನಲ್ಲೂ ಇಲ್ಲ! ಸರಿಪಡಿಸಲು ನಮ್ಮ ಪುಸ್ತಕದಲ್ಲಿ 'ದಾರಿಯಲ್ಲಿರುವ ಸರಕು' ಡೆಬಿಟ್, ಕಲಬುರಗಿ ಶಾಖೆ ಕ್ರೆಡಿಟ್. ಏಪ್ರಿಲ್ 1ಕ್ಕೆ ಅದನ್ನೇ ತಿರುಗಿಸಬೇಕು. ಒಂದು ಲಾರಿಗಾದರೆ ಸರಿ. ಒಂಬತ್ತು ಡಿಪೋದ ಚಲನ್ ಹರಡಿಕೊಂಡು ರಾತ್ರಿ ಹನ್ನೊಂದರವರೆಗೆ ಕೂತವನಿಗೆ ಕೇಳಿ.

ಈಗ ಇರೋದು ಮೂರನೆಯದು. 'ಟ್ರಾನ್ಸಿಟ್' ಅಂತ ಒಂದು ಗೋದಾಮು, ಹೆಸರಿಗಷ್ಟೇ. 31ಕ್ಕೆ ಹುಬ್ಬಳ್ಳಿಯಿಂದ ಟ್ರಾನ್ಸಿಟ್‌ಗೆ 400. ಇಳಿಸಿ ಎಣಿಸಿದ ಮೇಲೆ ಟ್ರಾನ್ಸಿಟ್‌ನಿಂದ ಕಲಬುರಗಿಗೆ 394. ಉಳಿದ 6 ಪೆಟ್ಟಿಗೆ, ಅಂದರೆ 7,200 ರೂಪಾಯಿ, ಟ್ರಾನ್ಸಿಟ್‌ನಲ್ಲೇ ಕೂತು ಕಣ್ಣಿಗೆ ಚುಚ್ಚುತ್ತದೆ. ಲಾರಿಯವರ ರಸೀದಿ ಎಲ್‌ಆರ್ ಮೇಲೆ ಕೊರತೆ ಬರೆಸಿಕೊಂಡಿದ್ದರೆ ಬಾಡಿಗೆಯಲ್ಲೇ ಹಿಡಿಯಬಹುದು.

ಒಂದು ತಪ್ಪು ಮಾಡಿದ್ದೆ. ಎಲ್ಲ ಡಿಪೋಗೂ ಸೇರಿಸಿ ಒಂದೇ ಟ್ರಾನ್ಸಿಟ್ ಇಟ್ಟಿದ್ದೆ. ದಾವಣಗೆರೆಯವರು ತಪ್ಪಿ 6 ಜಾಸ್ತಿ ಜಮಾ ಮಾಡಿದರು. ಕಲಬುರಗಿಯ ಕೊರತೆಯೂ ಅದೂ ವಜಾ ಆಗಿ ಬಾಕಿ ಸೊನ್ನೆ! ಈಗ ಡಿಪೋಗೊಂದು ಟ್ರಾನ್ಸಿಟ್. ಸೋಮವಾರ ಬೆಳಿಗ್ಗೆ ನಾಲ್ಕು ದಿನಕ್ಕಿಂತ ಹಳೆಯದು ಏನಿದೆ ಅಂತ ನೋಡುತ್ತೇನೆ.

ಇದರಲ್ಲೂ ತಲೆನೋವಿದೆ. ಡಿಪೋದವರು ಜಮಾ ಎಂಟ್ರಿ ಮರೆತರೆ ಮಾಲು ಎದುರಿಗಿದ್ದರೂ ಬಿಲ್ ಮಾಡಿದಾಗ ಸ್ಟಾಕ್ ಮೈನಸ್. ಫೋನ್ ಮಾಡಿ ಬೈಸಿಕೊಳ್ಳೋದು ನಾನೇ ಅಲ್ವಾ.

ಕೊಲ್ಲಾಪುರದ ಡಿಪೋ ಮಾತ್ರ ಬೇರೆ. ಕರ್ನಾಟಕದೊಳಗೆ ಒಂದೇ ಜಿಎಸ್‌ಟಿ ನಂಬರ್ ಇರುವುದರಿಂದ ಇನ್‌ವಾಯ್ಸ್ ಬದಲು ಡೆಲಿವರಿ ಚಲನ್ ನಡೆಯುತ್ತದೆ, ತೆರಿಗೆ ಇಲ್ಲ. ಮಹಾರಾಷ್ಟ್ರದ್ದು ಬೇರೆ ನಂಬರ್, ಹಾಗಾಗಿ ಐಜಿಎಸ್‌ಟಿ ಹಾಕಿ ಇನ್‌ವಾಯ್ಸ್ ಮಾಡಲೇಬೇಕು. ಮಾಲು ಕೈಗೆ ಬರುವವರೆಗೆ ಅವರು ಇನ್‌ಪುಟ್ ಕ್ರೆಡಿಟ್ ತಗೊಳ್ಳುವಂತಿಲ್ಲ. ಅದಕ್ಕೇ ಇಳಿಸಿಕೊಂಡ ತಾರೀಖನ್ನು ಅವರಿಂದ ಬೇರೆಯಾಗಿ ಬರೆಸುತ್ತೇನೆ, ಇನ್‌ವಾಯ್ಸ್ ತಾರೀಖಿಗೆ ಜಮಾ ಮಾಡಲು ಬಿಡುವುದಿಲ್ಲ.